ಇಒಕ್ಯೂ ಲೆಕ್ಕ ಎಲ್ಲಿ ಕೈಕೊಡುತ್ತದೆ: ಒಂದು ಬೇರಿಂಗ್ ಖರೀದಿಯ ಅನುಭವ

ಒಂದು ಸಲಕ್ಕೆ ಎಷ್ಟು ತರಿಸಿದರೆ ಒಟ್ಟು ಖರ್ಚು ಕನಿಷ್ಠ ಅಂತ ಹೇಳುವ ಇಒಕ್ಯೂ ಸೂತ್ರ ಖರೀದಿ ವಿಭಾಗದಲ್ಲಿ ಇರುವವರಿಗೆಲ್ಲ ಬಾಯಿಪಾಠ ಇರುತ್ತದೆ. ಅದು ಎಲ್ಲಿಂದ ಬಂತು ಅಂತ ಒಮ್ಮೆ ಕೈಯಾರೆ ಬಿಡಿಸಿ ನೋಡಿದರೆ, ಎಲ್ಲಿ ಅದನ್ನು ನಂಬಬಾರದು ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ನಾನು ಒಂದು ಬೇರಿಂಗ್‌ಗೆ ಮಾಡಿದ ಲೆಕ್ಕವನ್ನೇ ಇಲ್ಲಿ ಹೇಳುತ್ತೇನೆ. ಅಂಕಿಗಳನ್ನು ದುಂಡಗೆ ಮಾಡಿದ್ದೇನೆ, ಓದುವಾಗ ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಲು ಸುಲಭ ಆಗಲಿ ಅಂತ.

ವರ್ಷಕ್ಕೆ 12,000 ಬೇರಿಂಗ್ ಬೇಕು. ಒಂದರ ಬೆಲೆ 50. ಒಂದು ಸಲ ಆರ್ಡರ್ ಹಾಕಿ ಮಾಲು ತರಿಸಿಕೊಳ್ಳಲು ಆಗುವ ಖರ್ಚು 600. ಒಂದು ಬೇರಿಂಗನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚು 10, ಅಂದರೆ ಬೆಲೆಯ 20 ಶೇಕಡಾ. ಅದರಲ್ಲಿ ಸಿಕ್ಕಿಬಿದ್ದ ಹಣದ ಬಡ್ಡಿ, ಜಾಗ, ವಿಮೆ, ತುಕ್ಕು ಹಿಡಿದು ಹಾಳಾಗುವುದು, ಎಲ್ಲ ಸೇರಿದೆ.

ವರ್ಷಕ್ಕೆ ಬೇಕಾದದ್ದು D ಅನ್ನೋಣ, ಒಂದು ಸಲಕ್ಕೆ Q ಬೇರಿಂಗ್ ತರಿಸಿದರೆ ವರ್ಷಕ್ಕೆ D/Q ಆರ್ಡರ್ ಆಗುತ್ತವೆ. ಪ್ರತಿ ಆರ್ಡರಿಗೆ S ಖರ್ಚು. ಇನ್ನು ಸ್ಟಾಕು. ಮಾಲು ಬಂದ ದಿನ Q ಇರುತ್ತದೆ, ದಿನಾ ಒಂದೇ ಸಮನೆ ಖರ್ಚಾಗುತ್ತಾ ಸೊನ್ನೆಗೆ ಇಳಿಯುತ್ತದೆ, ಆಗಲೇ ಮುಂದಿನ ಲಾಟು ಬರುತ್ತದೆ. ಹಾಗಾಗಿ ಸರಾಸರಿ ಸ್ಟಾಕು Q/2, ಪ್ರತಿಯೊಂದನ್ನೂ ವರ್ಷವಿಡೀ ಇಟ್ಟುಕೊಳ್ಳಲು H ಖರ್ಚು.

```
ಒಟ್ಟು ಖರ್ಚು = (D/Q)·S + (Q/2)·H
-D·S/Q² + H/2 = 0
Q = √(2·D·S/H)
```

ಎರಡನೇ ಸಾಲು ಒಟ್ಟು ಖರ್ಚಿನ ಇಳಿಜಾರನ್ನು ಸೊನ್ನೆಗೆ ಸಮ ಮಾಡಿದ್ದು. Q ಜಾಸ್ತಿ ಆದಂತೆ ಆರ್ಡರ್ ಖರ್ಚು ಇಳಿಯುತ್ತದೆ, ಸ್ಟಾಕಿನ ಖರ್ಚು ಏರುತ್ತದೆ. ಎರಡೂ ಸಮ ಆದ ಜಾಗದಲ್ಲೇ ಒಟ್ಟು ಖರ್ಚು ಕನಿಷ್ಠ. ನಮ್ಮ ಬೇರಿಂಗ್‌ಗೆ Q 1,200 ಬರುತ್ತದೆ. ವರ್ಷಕ್ಕೆ 10 ಆರ್ಡರ್, ಅದಕ್ಕೆ 6,000. ಸ್ಟಾಕಿಗೂ 6,000. ಒಟ್ಟು 12,000. ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ ಇದನ್ನು 1913ರಲ್ಲೇ ಪ್ರಕಟಿಸಿದ್ದರು. ಆಗ ಅವರ ಪ್ರಶ್ನೆ ಕಾರ್ಖಾನೆಯಲ್ಲಿ ಒಂದು ಸಲಕ್ಕೆ ಎಷ್ಟು ಬಿಡಿಭಾಗ ಮಾಡಬೇಕು ಅನ್ನುವುದಾಗಿತ್ತು. ಅಲ್ಲಿ S ಅಂದರೆ ಯಂತ್ರವನ್ನು ಹೊಸ ಕೆಲಸಕ್ಕೆ ಸಜ್ಜುಮಾಡುವ ಖರ್ಚು.

ಖರೀದಿಯಲ್ಲಿ ಈ S ಬಗ್ಗೆಯೇ ಮೊದಲು ಜಗಳ ಶುರುವಾಗುವುದು. ಅಕೌಂಟ್ಸ್‌ನವರು ನನಗೆ ಕೊಟ್ಟ ಅಂಕಿ 600 ಅಲ್ಲ, 2,400. ಖರೀದಿ ವಿಭಾಗದ ವರ್ಷದ ಸಂಬಳ, ಬಾಡಿಗೆ ಎಲ್ಲ ಕೂಡಿಸಿ, ವರ್ಷದ ಪರ್ಚೇಸ್ ಆರ್ಡರ್‌ಗಳ ಸಂಖ್ಯೆಯಿಂದ ಭಾಗಿಸಿ ಕೊಟ್ಟಿದ್ದರು. ನಾನು ಕೇಳಿದ್ದು ಒಂದೇ ಪ್ರಶ್ನೆ: ಒಂದು ಆರ್ಡರ್ ಕಡಿಮೆ ಹಾಕಿದರೆ ಇದರಲ್ಲಿ ಎಷ್ಟು ಹಣ ನಿಜವಾಗಿ ಉಳಿಯುತ್ತದೆ? ಸಂಬಳ ಹೇಗಿದ್ದರೂ ಕೊಡಲೇಬೇಕು ಅಲ್ವಾ. ಉಳಿಯುವುದು ಸಾಗಾಟ, ಇಳಿಸುವ ಕೂಲಿ, ಹೊರಗಿನವರಿಂದ ಮಾಡಿಸುವ ತಪಾಸಣೆ ಇಷ್ಟೇ. ಅದನ್ನು ಕೂಡಿಸಿದಾಗಲೇ 600 ಸಿಕ್ಕಿದ್ದು.

2,400 ಹಾಕಿದ್ದರೆ Q ಸರಿಯಾಗಿ ಎರಡರಷ್ಟು, 2,400 ಬೇರಿಂಗ್ ಬರುತ್ತಿತ್ತು. ನಿಜವಾದ ಖರ್ಚಿನಲ್ಲಿ ನೋಡಿದರೆ ಆರ್ಡರಿಗೆ 3,000, ಸ್ಟಾಕಿಗೆ 12,000, ಒಟ್ಟು 15,000. S ನಾಲ್ಕು ಪಟ್ಟು ಹೆಚ್ಚಾದರೂ ನಷ್ಟ 25 ಶೇಕಡಾ ಮಾತ್ರ! ವರ್ಗಮೂಲ ಇರುವುದರಿಂದ S ಅಥವಾ H ಸ್ವಲ್ಪ ಆಚೀಚೆ ಆದರೆ Q ಅಷ್ಟು ಅಲುಗಾಡುವುದಿಲ್ಲ. Q ಸ್ವಲ್ಪ ಆಚೀಚೆ ಆದರೆ ಖರ್ಚು ಇನ್ನೂ ಕಡಿಮೆ ಅಲುಗಾಡುತ್ತದೆ. ಹಾಗಾಗಿ ಸೂತ್ರದ ಒಳಗಿರುವ ಅಂಕಿಗಳನ್ನು ದಶಾಂಶದವರೆಗೆ ಸರಿಮಾಡುತ್ತಾ ಕೂರುವುದು ಸುಮ್ನೆ ಸಮಯ ದಂಡ. ದೊಡ್ಡ ಪೆಟ್ಟು ಬೀಳುವುದು ಸೂತ್ರದ ಹೊರಗೆ ಉಳಿದದ್ದರಿಂದ.

ಮೊದಲನೆಯದು ಬೆಲೆ. ಮೇಲಿನ ಲೆಕ್ಕದಲ್ಲಿ ಬೇರಿಂಗ್ ಕೊಳ್ಳಲು ಕೊಡುವ ಹಣವೇ ಇಲ್ಲ. ಎಷ್ಟು ತರಿಸಿದರೂ ದರ ಒಂದೇ ಅಂತ ಒಪ್ಪಿಕೊಂಡ ಕಾರಣ ಅದು ಬಿದ್ದುಹೋಗಿದೆ. ಸಪ್ಲೈಯರ್ ಬಂದು ಒಂದು ಸಲಕ್ಕೆ 3,000 ಬೇರಿಂಗ್ ತೆಗೆದುಕೊಂಡರೆ 3 ಶೇಕಡಾ ಕಡಿಮೆ ಮಾಡುತ್ತೇನೆ ಅಂದರು. ದರ 48.50 ಆಯಿತು. ವರ್ಷದ ಖರೀದಿ 6,00,000, ಅದರಲ್ಲಿ ಉಳಿತಾಯ 18,000. ಈಗ ಆರ್ಡರ್ ಖರ್ಚು 2,400, ಸ್ಟಾಕಿನ ಖರ್ಚು 14,550, ಒಟ್ಟು 16,950. ಮೊದಲಿಗಿಂತ 4,950 ಜಾಸ್ತಿ. ಕಳೆದರೂ ವರ್ಷಕ್ಕೆ 13,050 ಲಾಭ. 12,000ದ ಒಟ್ಟು ಖರ್ಚನ್ನು ಉಳಿಸಲು ಹೊರಟ ಸೂತ್ರದ ಪಕ್ಕದಲ್ಲಿ ಅದಕ್ಕಿಂತ ದೊಡ್ಡ ಮೊತ್ತ ಕೂತಿತ್ತು.

ಇಲ್ಲಿಗೇ ನಿಲ್ಲಿಸಿ 3,000ಕ್ಕೆ ಸಹಿ ಹಾಕುವವರು ತುಂಬಾ ಜನ. ನಾನು ಇನ್ನೊಂದು ಲೆಕ್ಕ ಮಾಡಿದೆ. ಈ ಬೇರಿಂಗ್ ಹೋಗುವುದು ಒಂದೇ ಮಾಡೆಲ್ಲಿಗೆ. ಡಿಸೈನ್ ಬದಲಾದರೆ ಆ ದಿನ ಕೈಯಲ್ಲಿ ಸರಾಸರಿ 1,500 ಬೇರಿಂಗ್ ಉಳಿದಿರುತ್ತವೆ, ಬೆಲೆ 72,750. ಅಷ್ಟೂ ಡೆಡ್ ಸ್ಟಾಕ್ ಆದರೆ ಐದು ವರ್ಷಕ್ಕೂ ಮೀರಿದ ಡಿಸ್ಕೌಂಟ್ ಲಾಭ ಒಂದೇ ಏಟಿಗೆ ಹೋಯಿತು. 1,200ರ ಲಾಟಿನಲ್ಲಿ ಇದೇ ನಷ್ಟ 30,000. ಸೂತ್ರದ H ಇದನ್ನು ಹಿಡಿಯುವುದಿಲ್ಲ, ಯಾಕೆಂದರೆ ಅದು ದಿನದಿನಕ್ಕೆ ಸಮನಾಗಿ ಏರುವ ಖರ್ಚನ್ನು ಮಾತ್ರ ಎಣಿಸುತ್ತದೆ. ಡಿಸೈನ್ ವಿಭಾಗದವರನ್ನು ಕೇಳಿದಾಗ ಮುಂದಿನ ವರ್ಷವೇ ಬದಲಾವಣೆ ಇದೆ ಅಂದರು. ಹಾಗಾಗಿ ವರ್ಷದ ಪೂರ್ತಿ ಪ್ರಮಾಣಕ್ಕೆ ದರ ಒಪ್ಪಂದ ಮಾಡಿ, ಮಾಲು ಮಾತ್ರ ಕಂತಿನಲ್ಲಿ ಕೊಡಿ ಅಂತ ಕೇಳಿದೆ. 2 ಶೇಕಡಾಕ್ಕೆ ಒಪ್ಪಿದರು, ನನಗೆ ಅದೇ ಬೇಕಿತ್ತು.

ಎಷ್ಟರ ಕಂತು? ಇಲ್ಲಿ ಇನ್ನೊಂದು ಊಹೆ ಮುರಿಯುತ್ತದೆ. ಪ್ರತಿ ಐಟಂ ಒಂಟಿಯಾಗಿ ಬರುತ್ತದೆ ಅಂತ ಸೂತ್ರ ತಿಳಿದಿದೆ. ಅದೇ ಸಪ್ಲೈಯರಿಂದ ಸೀಲು, ಬುಷ್ ಕೂಡ ಬರುತ್ತವೆ, ಲಾರಿ ಒಂದೇ. ಒಂದೊಂದಕ್ಕೂ ಬೇರೆ ಇಒಕ್ಯೂ ಹಾಕಿದರೆ ಒಂದು ಐದು ವಾರಕ್ಕೆ, ಇನ್ನೊಂದು ಏಳು ವಾರಕ್ಕೆ ಅಂತ ಬಂದು ಲಾರಿ ಅರ್ಧ ಖಾಲಿ ಓಡುತ್ತದೆ. ನಾನು Qವನ್ನು ಸಮಯಕ್ಕೆ ತಿರುಗಿಸಿದೆ. 1,200 ಅಂದರೆ ಸುಮಾರು 5.2 ವಾರ. ಅದನ್ನು 1, 2, 4, 8 ವಾರಗಳಲ್ಲಿ ಹತ್ತಿರದ್ದಕ್ಕೆ ತಂದರೆ 4 ವಾರ, ಸುಮಾರು 923 ಬೇರಿಂಗ್. ಖರ್ಚು 3.5 ಶೇಕಡಾ ಏರಿತು ಅಷ್ಟೇ. ಹೀಗೆ ಎರಡರ ಘಾತಕ್ಕೆ ಹೊಂದಿಸಿದರೆ ಯಾವ ಐಟಮ್ಮಿಗೂ 6 ಶೇಕಡಾದ ಆಸುಪಾಸು ದಾಟುವುದಿಲ್ಲ. ಎಲ್ಲ ಐಟಂಗಳೂ ಒಂದೇ ದಿನ ಕೂಡಿಕೊಳ್ಳುತ್ತವೆ, ಸಾಗಾಟದಲ್ಲಿ ಅದಕ್ಕಿಂತ ಹೆಚ್ಚೇ ಉಳಿಯಿತು.

ಕೊನೆಗೆ ಬೇಡಿಕೆ. Q/2 ಅನ್ನುವುದು ಮಾಲು ಒಂದೇ ಸಮನೆ ಖರ್ಚಾದರೆ ಮಾತ್ರ ನಿಜ. ಇದನ್ನು ತಿಳಿಯಲು ಸ್ಟೋರ್ಸ್ ಲೆಡ್ಜರ್ ತೆಗೆದು ವಾರವಾರ ಎಷ್ಟು ಇಶ್ಯೂ ಆಗಿದೆ ಅಂತ ಸಾಲಾಗಿ ಬರೆಯಿರಿ. ಪ್ರತಿ ವಾರ 200, 250, 230 ಹೀಗಿದ್ದರೆ ಸೂತ್ರ ನಡೆಯುತ್ತದೆ. ಸೊನ್ನೆ, ಸೊನ್ನೆ, ಸೊನ್ನೆ, ಆಮೇಲೆ ಒಮ್ಮೆಲೇ 900 ಅಂತಿದ್ದರೆ, ಮಾಲು ಕೊನೇವರೆಗೂ ಪೂರ್ತಿ ಕೂತಿರುತ್ತದೆ, ಸರಾಸರಿ ಸ್ಟಾಕು Q/2 ಬದಲು Qಗೇ ಹತ್ತಿರ, ಇಟ್ಟುಕೊಳ್ಳುವ ಖರ್ಚು ಎರಡರಷ್ಟು. ದೊಡ್ಡ ಯಂತ್ರಗಳ ರಿಪೇರಿಗೆ ಹೋಗುವ ಬೇರಿಂಗ್‌ಗಳು ಹೀಗೇ ಇರುತ್ತವೆ. ಅವುಗಳಿಗೆ ನಾನು ಇಒಕ್ಯೂ ಹಾಕುವುದೇ ಇಲ್ಲ. ಮೇಂಟೆನೆನ್ಸ್‌ನವರಿಂದ ಓವರ್‌ಹಾಲ್ ತಾರೀಕು ತೆಗೆದುಕೊಂಡು, ಆರ್ಡರ್ ಹಾಕಿದ ಮೇಲೆ ಮಾಲು ಬರಲು ಹಿಡಿಯುವ ಲೀಡ್ ಟೈಮ್ ಜೊತೆಗೆ ಒಂದು ವಾರ ಹೆಚ್ಚಿಗೆ ಸೇರಿಸಿ ಹಿಂದಕ್ಕೆ ಎಣಿಸಿ, ಆ ಕೆಲಸಕ್ಕೆ ಬೇಕಾದಷ್ಟೇ ಆರ್ಡರ್ ಹಾಕುತ್ತೇನೆ.