ತೂಕ ಸರಿಯಿತ್ತು, ಸೊಂಟ ಸರಿಯಿರಲಿಲ್ಲ

ನಾನು ಮಂಡ್ಯದಲ್ಲಿ ಟೈಲರ್. ಪ್ಯಾಂಟು ಶರ್ಟು ಹೊಲಿಯೋಕೆ ಶುರು ಮಾಡಿ 26 ವರ್ಷ ಆಯ್ತು. ಬೆಳಿಗ್ಗೆ ಹತ್ತಕ್ಕೆ ಮಿಷನ್ ಮುಂದೆ ಕೂತರೆ ಏಳೋದು ರಾತ್ರಿ ಒಂಬತ್ತಕ್ಕೆ. ಎತ್ತರ 168 ಸೆಂಟಿಮೀಟರ್, ತೂಕ 67 ಕೆಜಿ. ಕೈಕಾಲು ಸಣ್ಣ, ಮುಖ ಸಣ್ಣ. ಯಾರು ನೋಡಿದರೂ "ನಿಮಗೇನ್ರೀ, ಸಣ್ಣಗಿದ್ದೀರಿ" ಅಂತಲೇ ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಹೋದ ವರ್ಷ ಒಂದು ಸಣ್ಣ ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದರು. ಖಾಲಿ ಹೊಟ್ಟೆಯ ಸಕ್ಕರೆ 108, ರಕ್ತದಲ್ಲಿರೋ ಕೊಬ್ಬು ಟ್ರೈಗ್ಲಿಸರೈಡ್ 212, ಒಳ್ಳೆ ಕೊಲೆಸ್ಟ್ರಾಲ್ ಅನ್ನೋ ಎಚ್‌ಡಿಎಲ್ 36, ಲಿವರಿಗೆ ಪೆಟ್ಟಾದರೆ ಏರೋ ಎಸ್‌ಜಿಪಿಟಿ 62. ಎಚ್‌ಡಿಎಲ್ ಕಡಿಮೆ, ಮಿಕ್ಕಿದ್ದೆಲ್ಲ ಜಾಸ್ತಿ. ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 2 ಫ್ಯಾಟಿ ಲಿವರ್. ನಾನು ಕುಡಿಯೋನಲ್ಲ, ಆದರೂ ಲಿವರ್ ಹೀಗಿತ್ತು.

ನನಗೆ ಅರ್ಥವಾಗದೆ ಉಳಿದದ್ದು ಸಕ್ಕರೆಯ ಲೆಕ್ಕ. ರಾತ್ರಿ ಊಟವಾದ ಮೇಲೆ ಹತ್ತು ಗಂಟೆ ಏನೂ ತಿಂದಿರಲಿಲ್ಲ. ತಿನ್ನದೆ ಇದ್ದರೆ ಸಕ್ಕರೆ ಎಲ್ಲಿಂದ ಬಂತು? ಡಾಕ್ಟರ್ ಮೇಡಂ ಹತ್ತಿರ ಇದನ್ನೇ ಕೇಳಿದೆ. ಅವರು ಹೇಳಿದ್ದು ಇವತ್ತಿಗೂ ನೆನಪಿದೆ. "ಅದು ನೀವು ತಿಂದಿದ್ದಲ್ಲ, ನಿಮ್ಮ ಲಿವರ್ ಮಾಡಿದ್ದು."

ನಾವು ಮಲಗಿದ್ದಾಗಲೂ ಮೆದುಳಿಗೆ ಸಕ್ಕರೆ ಬೇಕು. ಅದನ್ನು ಲಿವರ್ ಸ್ವಲ್ಪ ಸ್ವಲ್ಪವೇ ತಯಾರು ಮಾಡಿ ರಕ್ತಕ್ಕೆ ಬಿಡುತ್ತಾ ಇರುತ್ತದೆ. ಸಾಕು, ನಿಲ್ಲಿಸು ಅನ್ನೋದು ಇನ್ಸುಲಿನ್ ಕೆಲಸ. ಲಿವರಿನೊಳಗೆ ಕೊಬ್ಬು ತುಂಬಿಕೊಂಡರೆ ಆ ಮಾತು ಅದಕ್ಕೆ ತಾಗೋದಿಲ್ಲ, ರಾತ್ರಿಯಿಡೀ ಸಕ್ಕರೆ ಬಿಡುತ್ತಲೇ ಇರುತ್ತದೆ. ಊಟವಾದ ಮೇಲೆ ಸಕ್ಕರೆಯನ್ನು ಎಳೆದುಕೊಳ್ಳಬೇಕಾದ ಮಾಂಸಖಂಡವೂ ಹಾಗೇ ಆಗುತ್ತದೆ. ಆಗ ಪ್ಯಾಂಕ್ರಿಯಾಸ್ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಯುತ್ತದೆ. ಇದೇ ಇನ್ಸುಲಿನ್ ರೆಸಿಸ್ಟೆನ್ಸ್. ಹೀಗೆ ಜಾಸ್ತಿ ಸುರಿದು ಎಷ್ಟೋ ವರ್ಷ ನಿಭಾಯಿಸೋದರಿಂದ ಅಲ್ಲಿವರೆಗೆ ಸಕ್ಕರೆ ರಿಪೋರ್ಟಲ್ಲಿ ಏನೂ ಕಾಣೋದಿಲ್ಲ, ಕಂಡಾಗ ಒಳಗೆ ಶುರುವಾಗಿ ಬಹಳ ಕಾಲವಾಗಿರುತ್ತದೆ. ಇನ್ಸುಲಿನ್ ಟೆಸ್ಟೂ ಮಾಡಿಸಲಾ ಅಂದಿದ್ದಕ್ಕೆ, ಬೇಡ, ಟ್ರೈಗ್ಲಿಸರೈಡ್ ಏರಿ ಎಚ್‌ಡಿಎಲ್ ಇಳಿದಿರೋದೇ ಸಾಕಷ್ಟು ಹೇಳ್ತಿದೆ ಅಂದರು.

ಆಮೇಲೆ ನನ್ನನ್ನು ನಿಲ್ಲಿಸಿ ಟೇಪು ಹಿಡಿದರು. ನನ್ನ ಪ್ಯಾಂಟಿನ ಅಳತೆ 35. ಮೇಡಂ ಅಳೆದಾಗ 38 ಇಂಚು, ಅಂದರೆ 96 ಸೆಂಟಿಮೀಟರ್ ದಾಟಿತ್ತು. ಈ ಮೂರು ಇಂಚಿನ ವ್ಯತ್ಯಾಸ ಎಲ್ಲಿಂದ ಬರುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ ಕಟ್ಟುತ್ತಾರೆ, ಹತ್ತು ವರ್ಷವಾದರೂ ಪ್ಯಾಂಟಿನ ಅಳತೆ ಅಷ್ಟೇ ಇರುತ್ತೆ. ಅದಕ್ಕೇ ಪ್ಯಾಂಟಿನ ನಂಬರ್ ನಂಬಬೇಡಿ. ಪಕ್ಕೆಲುಬು ಮುಗಿಯೋ ಜಾಗ, ಸೊಂಟದ ಮೂಳೆ ಶುರುವಾಗೋ ಜಾಗ, ಇವೆರಡರ ಮಧ್ಯೆ ಟೇಪು ಸುತ್ತಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರಿ ಮೈ ಮೇಲೆ. ಹೊಟ್ಟೆ ಒಳಗೆ ಎಳೆದುಕೊಳ್ಳದೆ ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಬೇಕು. ಬೆನ್ನ ಹಿಂದೆ ಟೇಪು ಕೆಳಗೆ ಜಾರಿದ್ದರೆ ಲೆಕ್ಕ ತಪ್ಪುತ್ತದೆ. ಹಳೇ ಟೇಪು ಹಿಗ್ಗಿರುತ್ತೆ, ಅದರಲ್ಲಿ ಸೊಂಟ ಕಡಿಮೆ ತೋರಿಸುತ್ತೆ, ಒಂದು ಸಲ ಸ್ಟೀಲ್ ಸ್ಕೇಲಿಗೆ ಹಿಡಿದು ನೋಡಿಬಿಡಿ.

ನಮ್ಮ ಕಡೆಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ. ಇನ್ನೂ ಸುಲಭದ ಲೆಕ್ಕ ಅಂದರೆ ಸೊಂಟ ಎತ್ತರದ ಅರ್ಧದೊಳಗೆ ಇರಬೇಕು. ನನ್ನ ಎತ್ತರದ ಅರ್ಧ 84. ನಾನು ಅದಕ್ಕಿಂತ 12 ಸೆಂಟಿಮೀಟರ್ ಮೇಲಿದ್ದೆ, ತೂಕದ ಮಿಷನ್ ಮಾತ್ರ ಸರಿ ಅನ್ನುತ್ತಿತ್ತು.

ಕೊಬ್ಬು ಹೊಟ್ಟೆಯಲ್ಲಿದ್ದರೆ ಏನಾಗುತ್ತೆ ಅಂದರೆ, ತೊಡೆಯಲ್ಲಿ, ಚರ್ಮದ ಕೆಳಗೆ ಕೂರೋ ಕೊಬ್ಬು ಅಷ್ಟಾಗಿ ತೊಂದರೆ ಕೊಡೋದಿಲ್ಲ. ಕರುಳಿನ ಸುತ್ತ ಕೂರೋದು ಬೇರೆ. ಅಲ್ಲಿಯ ರಕ್ತನಾಳ ನೇರವಾಗಿ ಲಿವರಿಗೇ ಹೋಗುತ್ತದೆ. ಆ ಕೊಬ್ಬು ಕರಗಿ ಬಿಟ್ಟಿದ್ದೆಲ್ಲ ಮೊದಲು ಲಿವರಿಗೆ ಸೇರುತ್ತೆ. ನನ್ನಂಥವರಿಗೆ ಕೈಕಾಲಲ್ಲಿ ಮಾಂಸ ಕಡಿಮೆ, ಒಳಗೆ ಕೊಬ್ಬು ಜಾಸ್ತಿ. ಎರಡೂ ಸೇರಿ 67 ಕೆಜಿ ಅಂತ ಬರುತ್ತೆ. ಯಾವುದು ಎಷ್ಟು ಅಂತ ತೂಕದ ಮಿಷನ್‌ಗೆ ಗೊತ್ತಾಗೋದಿಲ್ಲ ಅಲ್ವಾ.

ಮೊದಲ ತಿಂಗಳು ನಾನು ತಪ್ಪು ಮಾಡಿದೆ. ಬೆಳಿಗ್ಗೆ ತಿಂಡಿ ಬಿಟ್ಟೆ, ಮಧ್ಯಾಹ್ನ ಅರ್ಧ ಹೊಟ್ಟೆ ಉಂಡೆ. ಟೀಗೆ ಸಕ್ಕರೆ ಬದಲು ಬೆಲ್ಲ ಹಾಕಿಸಿದೆ. ಎರಡು ಕೆಜಿ ಇಳಿಯಿತು, ಖುಷಿಯಾಯಿತು. ಟೇಪು ಹಿಡಿದರೆ ಸೊಂಟ ಇದ್ದಲ್ಲೇ ಇತ್ತು. ಹಾಗೆ ಬೇಗ ಇಳಿಯೋದರಲ್ಲಿ ನೀರು, ಮಾಂಸ ಕೂಡ ಸೇರಿರುತ್ತೆ. ಬೆಲ್ಲದ ವಿಷಯ ನಮ್ಮ ಮಂಡ್ಯದವರಿಗೆ ಹೇಳೋಕೆ ಕಷ್ಟ, ಆಲೆಮನೆ ಬೆಲ್ಲ ತಿಂದೇ ಬೆಳೆದವರು ನಾವು. ಆದರೆ ಬೆಲ್ಲದಲ್ಲಿ ಹೆಚ್ಚಿನದು ಸಕ್ಕರೆಯೇ, ಲಿವರಿಗೆ ಎರಡೂ ಒಂದೇ. ನನಗೆ ದಿನಕ್ಕೆ ಆರು ಲೋಟ ಟೀ, ಒಂದೊಂದಕ್ಕೆ ಎರಡು ಚಮಚ. ಹನ್ನೆರಡು ಚಮಚ! ಈಗ ಎರಡು ಲೋಟ, ಸಕ್ಕರೆ ಇಲ್ಲ. ಹದಿನೈದು ದಿನ ಬಾಯಿ ಕೆಟ್ಟಂತಿತ್ತು, ಆಮೇಲೆ ಅಭ್ಯಾಸವಾಯಿತು.

ಊಟದಲ್ಲಿ ಮುದ್ದೆ ಬಿಡಲಿಲ್ಲ. ದೊಡ್ಡ ಮುದ್ದೆ ಉಂಡು ಮೇಲೆ ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದೆ, ಅದು ನಿಂತಿತು. ಈಗ ಚಿಕ್ಕ ಮುದ್ದೆ, ಬಸ್ಸಾರಿನ ಸೊಪ್ಪು ಕಾಳು ತಟ್ಟೆಯ ಅರ್ಧದಷ್ಟು, ಒಂದು ಮೊಟ್ಟೆ. ರಾತ್ರಿ ಊಟ ಅಂಗಡಿ ಮುಚ್ಚಿದ ಮೇಲೆ ಹತ್ತಕ್ಕೆ ಆಗುತ್ತಿತ್ತು. ಈಗ ಎಂಟಕ್ಕೆ ಮನೆಯಿಂದ ಡಬ್ಬಿ ಬರುತ್ತೆ. ತಿಂದ ತಕ್ಷಣ 15 ನಿಮಿಷ ಬೀದಿಯಲ್ಲಿ ನಡೆದು ಬಂದು ಮತ್ತೆ ಮಿಷನ್‌ಗೆ ಕೂರುತ್ತೇನೆ. ಓಡಾಡುವ ಕಾಲಿನ ಮಾಂಸ ಇನ್ಸುಲಿನ್‌ಗೆ ಕಾಯದೆ ತಾನೇ ಸಕ್ಕರೆ ಎಳೆದುಕೊಳ್ಳುತ್ತೆ, ಅದಕ್ಕೇ ಊಟದ ಮೇಲಿನ ನಡಿಗೆಗೆ ಅಷ್ಟು ಬೆಲೆ. ಜೊತೆಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಹದಿನೈದು ಸಲದಂತೆ ಮೂರು ಸುತ್ತು, ವಾರಕ್ಕೆ ನಾಲ್ಕು ದಿನ.

ಮೂರು ತಿಂಗಳಿಗೆ ತೂಕ ತಿರುಗಿ 66 ಕೆಜಿ ತೋರಿಸಿತು. ಹೆಂಡತಿ "ಏನ್ರೀ, ಇಷ್ಟೆಲ್ಲಾ ಮಾಡಿ ಒಂದೇ ಕೆಜಿನಾ" ಅಂದಳು. ಸೊಂಟ ಮಾತ್ರ 92ಕ್ಕೆ ಬಂದಿತ್ತು. ಏಳು ತಿಂಗಳಿಗೆ ತೂಕ 63.5, ಸೊಂಟ 89. ಖಾಲಿ ಹೊಟ್ಟೆಯ ಸಕ್ಕರೆ 97, ಟ್ರೈಗ್ಲಿಸರೈಡ್ 138, ಎಸ್‌ಜಿಪಿಟಿ 34, ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 1. ಪೂರ್ತಿ ಹೋಗಿಲ್ಲ. ತೂಕದಲ್ಲಿ ನೂರಕ್ಕೆ 5ರಷ್ಟು ಇಳಿದರೆ ಲಿವರಿನ ಕೊಬ್ಬು ಕಡಿಮೆಯಾಗುತ್ತೆ, ಒಳಗಿನ ಊತವೂ ಇಳಿಯೋಕೆ 7ರಿಂದ 10 ಬೇಕಾಗುತ್ತೆ ಅಂತ ಮೇಡಂ ಹೇಳಿದ್ದಾರೆ, ನಾನು 5ರಲ್ಲಿದ್ದೇನೆ. ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಊಟ ಕಡಿಮೆ ಮಾಡೋ ಮುಂಚೆ ಡಾಕ್ಟರನ್ನು ಕೇಳಲೇಬೇಕು, ಸಕ್ಕರೆ ತೀರಾ ಇಳಿದುಹೋಗಬಹುದು. ಎಸ್‌ಜಿಪಿಟಿ ಸರಿಯಿದೆ ಅಂತ ಲಿವರೂ ಸರಿಯಿದೆ ಅಂದುಕೊಳ್ಳಬೇಡಿ, ಕೊಬ್ಬು ಇದ್ದರೂ ಅದು ಸರಿಯಿರಬಹುದು.

ಈಗ ಕಾಲರ್ ಅಳತೆ ತೆಗೆಯುವಾಗ ನನ್ನ ಕಣ್ಣು ಕತ್ತಿನ ಹಿಂದೆ ಹೋಗುತ್ತೆ. ಹೋದ ವಾರ ಮದುವೆ ಸೂಟಿಗೆ ಬಂದ ಹುಡುಗನ ಕತ್ತು ಹಿಂದೆ ಕಪ್ಪಾಗಿ, ವೆಲ್ವೆಟ್ ಬಟ್ಟೆ ಥರ ದಪ್ಪವಾಗಿತ್ತು. ಅವರಮ್ಮ "ಎಷ್ಟು ಉಜ್ಜಿದ್ರೂ ಹೋಗಲ್ಲ ಕಣಣ್ಣ" ಅಂದರು. ಅದು ಕೊಳೆಯಲ್ಲ, ರಕ್ತದಲ್ಲಿ ಇನ್ಸುಲಿನ್ ಜಾಸ್ತಿಯಾದಾಗ ಚರ್ಮ ಹಾಗಾಗುತ್ತೆ ಅಂತ ಹೇಳಿದೆ. ಸೊಂಟ ಅಳೆದೆ, ಅವನ ವಯಸ್ಸು 24, ಸೊಂಟ 101 ಸೆಂಟಿಮೀಟರ್. ಸೂಟಿನ ಅಳತೆ ಬರೆದುಕೊಟ್ಟ ಚೀಟಿಯ ಹಿಂದೆ ಮೂರು ಟೆಸ್ಟಿನ ಹೆಸರು ಬರೆದೆ: ಖಾಲಿ ಹೊಟ್ಟೆಯ ಸಕ್ಕರೆ, ಟ್ರೈಗ್ಲಿಸರೈಡ್ ಎಚ್‌ಡಿಎಲ್ ಎಲ್ಲ ತೋರಿಸೋ ಲಿಪಿಡ್ ಪ್ರೊಫೈಲ್, ಎಸ್‌ಜಿಪಿಟಿ. ಟ್ರಯಲ್‌ಗೆ ಬರುವಾಗ ರಿಪೋರ್ಟ್ ತರ್ತೀನಿ ಅಂದಿದ್ದಾನೆ.