ಮೊದಲ ಹತ್ತು ಕಿಲೋಮೀಟರ್: ಏಳರ ನಂತರ ಕಾಲು ಎಳೆಯುವುದು ನಿಂತಿದ್ದು ಹೀಗೆ

ತುಮಕೂರಿನ ಅಮಾನಿಕೆರೆ ದಂಡೆಯಲ್ಲಿ ಹತ್ತು ಕಿಲೋಮೀಟರ್ ಓಟದ ಅಭ್ಯಾಸ ಮಾಡುವಾಗ ಏಳನೇ ಕಿಲೋಮೀಟರ್ ದಾಟುತ್ತಿದ್ದಂತೆ ತೊಡೆ ಕಲ್ಲಾಗುತ್ತಿತ್ತು. ಗಡಿಯಾರದಲ್ಲಿ ಕಾರಣ ಕಂಡಿತು: ಮೊದಲ ಕಿಲೋಮೀಟರಿಗೆ 5 ನಿಮಿಷ 15 ಸೆಕೆಂಡು, ಎಂಟನೆಯದಕ್ಕೆ 6 ನಿಮಿಷ 50 ಸೆಕೆಂಡು.

ಶುರುವಿನಲ್ಲಿ ಮೈ ಹಗುರವಿರುತ್ತದೆ, ವೇಗ ಗೊತ್ತೇ ಆಗುವುದಿಲ್ಲ. ಆದರೆ ಉಸಿರಿಗೆ ಮೀರಿದ ವೇಗದಲ್ಲಿ ಸ್ನಾಯುಗಳು ಆಮ್ಲಜನಕ ಸಾಲದೆ ಸಕ್ಕರೆಯನ್ನು ಬೇಗ ಬೇಗ ಕರಗಿಸುತ್ತವೆ, ಸ್ನಾಯುವಿನಲ್ಲಿ ಆಮ್ಲೀಯತೆ ಏರುತ್ತದೆ. ಆಮೇಲೆ ಸ್ವಲ್ಪ ನಿಧಾನಿಸಿದರೆ ಸಾಲದು. ಓಡುತ್ತಲೇ ಅದು ಇಳಿಯಬೇಕಾದರೆ ತುಂಬಾ ನಿಧಾನಿಸಬೇಕು. ಮೊದಲು ಉಳಿಸಿದ ಅರ್ಧ ನಿಮಿಷಕ್ಕೆ ಕೊನೆಯಲ್ಲಿ ಎರಡು ಮೂರು ನಿಮಿಷ ತೆರಬೇಕಾಗುವುದು ಇದಕ್ಕೇ.

ಗುರಿಯನ್ನು ಅಂದಾಜಿನಲ್ಲಿ ಇಡಲಿಲ್ಲ. 5 ಕಿ.ಮೀ. ಪೂರಾ ಬಲ ಹಾಕಿ ಓಡಿದಾಗ 28:45 ಬಂತು. ಅದರ ಎರಡರಷ್ಟಕ್ಕೆ ಎರಡೂವರೆ ನಿಮಿಷ ಸೇರಿಸಿದರೆ ಒಂದು ಗಂಟೆ. ಅದನ್ನು ಹೀಗೆ ಹಂಚಿಕೊಂಡೆ: ಮೊದಲ ಎರಡು ಕಿ.ಮೀ. 6:15ರಂತೆ, ನಡುವಿನ ಆರು 6:00ರಂತೆ, ಕೊನೆಯ ಎರಡು 5:45ರಂತೆ. ಕೂಡಿದರೆ ಸರಿಯಾಗಿ 60 ನಿಮಿಷ.

ಓಟದ ದಿನ ಕಷ್ಟವೆಲ್ಲ ಮೊದಲ ಎರಡರಲ್ಲೇ. ಸುತ್ತಲಿನವರೆಲ್ಲ ಮುಂದೆ ಹೋಗುತ್ತಾರೆ, ಕಾಲು ತಾನಾಗಿ ಅವರ ಹಿಂದೆ ಹೊರಡುತ್ತದೆ. ಹಾಗಾಗಿ ಸಾಲಿನ ಹಿಂಬದಿಯಲ್ಲೇ ನಿಂತೆ. ವಾಚು ಆ ಕ್ಷಣ ತೋರಿಸುವ ವೇಗ ಮರಗಳ ಕೆಳಗೆ ಜಿಗಿದಾಡುತ್ತದೆ, ಅದನ್ನು ನಂಬದೆ ಪ್ರತಿ ಕಿಲೋಮೀಟರಿನ ಒಟ್ಟು ಸಮಯವನ್ನಷ್ಟೇ ನೋಡಿದೆ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಏದುಸಿರಿಲ್ಲದೆ ಆಡಲು ಆಗುತ್ತಿದೆಯೇ ಎಂಬುದು ಇನ್ನೊಂದು ಪರೀಕ್ಷೆ. ಎರಡೇ ಪದಕ್ಕೆ ಉಸಿರು ಕಟ್ಟಿದರೆ, ವಾಚು ಏನೇ ಹೇಳಲಿ, ಅಲ್ಲೇ ನಿಧಾನಿಸಬೇಕು.

ಬಿಸಿಲೇರಿದ ದಿನ ಈ ಲೆಕ್ಕ ನಡೆಯದು. ಆಗ ಪ್ರತಿ ಕಿಲೋಮೀಟರಿಗೆ ಹತ್ತು ಹದಿನೈದು ಸೆಕೆಂಡು ಬಿಟ್ಟುಕೊಟ್ಟೇ ಹೊರಡುತ್ತೇನೆ.