ದೊಡ್ಡವರ ಮಧ್ಯಕಿವಿ ಸೋಂಕು: ಯಾವಾಗ ಕಾದೆ, ಯಾವಾಗ ಆಂಟಿಬಯಾಟಿಕ್ ಕೊಟ್ಟೆ

ಕಿವಿ ಮೂಗು ಗಂಟಲು ವೈದ್ಯನಾಗಿ ನಾನು ಕಾಣುವ ದೊಡ್ಡವರ ಕಿವಿನೋವಿನಲ್ಲಿ ಬಹಳಷ್ಟಕ್ಕೆ ಕಾರಣ ಮಧ್ಯಕಿವಿಯ ಸೋಂಕೇ ಅಲ್ಲ. ಕಿವಿಯ ಹೊರನಾಳದ ಉರಿಯೂತ, ದವಡೆ ಕೀಲಿನ ನೋವು, ಹುಳುಕು ಹಲ್ಲು, ಗಂಟಲಿನ ಹುಣ್ಣು ಇವೆಲ್ಲ ಕಿವಿಯಲ್ಲೇ ನೋವೆಂದು ತೋರುತ್ತವೆ. ಆದ್ದರಿಂದ ಆಂಟಿಬಯಾಟಿಕ್ ಬೇಕೇ ಬೇಡವೇ ಎಂಬ ಪ್ರಶ್ನೆಗೂ ಮೊದಲು ಕಿವಿತಮಟೆಯನ್ನು ಸರಿಯಾಗಿ ನೋಡಬೇಕು. ನೋಡದೆ ಬರೆದ ಮಾತ್ರೆಯೂ ನೋಡದೆ ಹೇಳಿದ ‘ಎರಡು ದಿನ ಕಾಯಿರಿ’ ಎಂಬ ಮಾತೂ ಒಂದೇ ಬಗೆಯ ಅಜಾಗರೂಕತೆ ಎಂದು ನಾನು ತಿಳಿದಿದ್ದೇನೆ.

ನನ್ನ ಕ್ರಮವನ್ನು ಒಬ್ಬ ರೋಗಿಯ ವಿವರದಿಂದಲೇ ಹೇಳುತ್ತೇನೆ. ಮೂವತ್ತೈದರ ಆಸುಪಾಸಿನ ಶಿಕ್ಷಕಿಯೊಬ್ಬರು ನೆಗಡಿ ಹಿಡಿದ ನಾಲ್ಕನೆಯ ದಿನ ಬೆಳಿಗ್ಗೆ ಬಂದರು. ಹಿಂದಿನ ಸಂಜೆಯಿಂದ ಬಲಗಿವಿ ಕಟ್ಟಿಕೊಂಡಿತ್ತು, ರಾತ್ರಿ ನೋವಿನಿಂದ ನಿದ್ದೆ ಸರಿಯಾಗಿ ಬಂದಿರಲಿಲ್ಲ, ಜ್ವರ 37.8 ಡಿಗ್ರಿ ಸೆಲ್ಸಿಯಸ್ ಇತ್ತು. ಮಧುಮೇಹವಾಗಲಿ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿಯಾಗಲಿ, ಹಿಂದೆ ಕಿವಿ ಸೋರಿದ ಚರಿತ್ರೆಯಾಗಲಿ ಇರಲಿಲ್ಲ. “ಡಾಕ್ಟ್ರೇ, ನಾಳೆಯಿಂದ ಪರೀಕ್ಷೆ ಶುರುವಾಗುತ್ತೆ, ಆಂಟಿಬಯಾಟಿಕ್ ಬರೆದುಕೊಟ್ಟುಬಿಡಿ” ಎಂದರು.

ಕಿವಿಯ ಮುಂದಿನ ಪುಟ್ಟ ಮೃದ್ವಸ್ಥಿಯನ್ನು ಒತ್ತಿದಾಗಲೂ ಕಿವಿಯ ಹಾಲೆಯನ್ನು ಎಳೆದಾಗಲೂ ನೋವು ಹೆಚ್ಚಲಿಲ್ಲ. ಹಾಗಾಗಿ ಹೊರನಾಳದ ಸೋಂಕಿನ ಸಾಧ್ಯತೆ ಕಡಿಮೆಯಾಯಿತು. ಓಟೋಸ್ಕೋಪಿನಲ್ಲಿ ತಮಟೆ ಕೆಂಪಗಿತ್ತು. ಕೆಂಪು ಬಣ್ಣವೊಂದನ್ನೇ ನಂಬಿ ನಾನು ಸೋಂಕೆಂದು ಹೇಳುವುದಿಲ್ಲ, ಏಕೆಂದರೆ ಜೋರಾಗಿ ಮೂಗು ಸೀನಿದರೂ ಜ್ವರ ಬಂದರೂ ತಮಟೆ ಕೆಂಪೇರುತ್ತದೆ. ಮುಖ್ಯವಾಗಿ ಬೇಕಾದದ್ದು ಉಬ್ಬು, ಅಂದರೆ ಹಿಂದೆ ತುಂಬಿದ ದ್ರವದ ಒತ್ತಡಕ್ಕೆ ತಮಟೆ ಹೊರಗೆ ಬಾಗಿರುವುದು. ಇವರಲ್ಲಿ ತಮಟೆ ಮಸುಕಾಗಿತ್ತು, ಹಿಂಬದಿಯ ಮೇಲ್ಭಾಗದಲ್ಲಷ್ಟೇ ತುಸು ಉಬ್ಬಿತ್ತು, ಒಳಗಿನ ಪುಟ್ಟ ಮೂಳೆಯ ಹಿಡಿ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು. ರಬ್ಬರ್ ಬುರುಡೆ ಒತ್ತಿ ಗಾಳಿ ಬಿಟ್ಟಾಗ ತಮಟೆಯ ಅಲುಗಾಟ ಕಡಿಮೆಯಿತ್ತು. ಸೋಂಕು ಇದೆ, ಆದರೆ ತೀವ್ರವಾಗಿಲ್ಲ ಎಂದು ತೀರ್ಮಾನಿಸಿದೆ.

ಅನಂತರ 512 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕನ್ನು ಮಿಡಿದು ಹಣೆಯ ನಡುವೆ ಇಟ್ಟೆ. ಮಧ್ಯಕಿವಿಯಲ್ಲಿ ದ್ರವ ತುಂಬಿದ್ದರೆ ಆ ನಾದ ನೋಯುವ ಕಿವಿಯ ಕಡೆಗೇ ಜೋರಾಗಿ ಕೇಳಬೇಕು, ಇವರಿಗೆ ಹಾಗೆಯೇ ಕೇಳಿಸಿತು. ಅದು ಒಳ್ಳೆಯ ಕಿವಿಯ ಕಡೆಗೆ ಸರಿದಿದ್ದರೆ ಸೋಂಕು ಒಳಕಿವಿಗೆ ತಟ್ಟಿದೆಯೋ ಎಂದು ಶಂಕಿಸಿ ಅಂದೇ ಶ್ರವಣ ಪರೀಕ್ಷೆ ಮಾಡಿಸುತ್ತಿದ್ದೆ. ಅರ್ಧ ನಿಮಿಷವೂ ಹಿಡಿಯದ ಈ ಪರೀಕ್ಷೆಯನ್ನು ನಾನು ಯಾರಲ್ಲೂ ಬಿಡುವುದಿಲ್ಲ. ಕಿವಿಯ ಹಿಂದಿನ ಮೂಳೆಯನ್ನು ಒತ್ತಿ ನೋಡಿದೆ, ನೋವಿರಲಿಲ್ಲ. ಮುಖದ ಎರಡೂ ಬದಿ ಸಮನಾಗಿ ಅಲುಗಾಡುತ್ತಿದ್ದವು, ತಲೆಸುತ್ತು ಇರಲಿಲ್ಲ.

ಕಾಯೋಣ ಎಂದು ನಿರ್ಧರಿಸಿದೆ. ಇದಕ್ಕೆ ಆಧಾರವಾದ ಪ್ರಯೋಗಗಳಲ್ಲಿ ಹೆಚ್ಚಿನವು ಮಕ್ಕಳ ಮೇಲೆ ನಡೆದವು, ದೊಡ್ಡವರ ಮೇಲಿನ ಅಧ್ಯಯನಗಳು ಬಹಳ ಕಡಿಮೆ. ಅದರಿಂದಾಗಿಯೇ ಅನೇಕ ತಜ್ಞರು ದೊಡ್ಡವರಿಗೆ ಆಂಟಿಬಯಾಟಿಕನ್ನು ಬೇಗನೆ ಕೊಡುತ್ತಾರೆ, ನಾನೂ ದೊಡ್ಡವರಲ್ಲಿ ಕಾಯುವುದನ್ನು ಕೆಲವರಿಗಷ್ಟೇ ಸೀಮಿತಗೊಳಿಸಿದ್ದೇನೆ: ಒಂದೇ ಕಿವಿಯಲ್ಲಿ ಸೌಮ್ಯ ಸೋಂಕು, ಕಡಿಮೆ ಜ್ವರ, ಮಾತ್ರೆಗೆ ಬಗ್ಗುವ ನೋವು, ಬೇರೆ ಕಾಯಿಲೆಯಿಲ್ಲದ ದೇಹ, ಮತ್ತು ಎರಡು ಮೂರು ದಿನದೊಳಗೆ ಖಂಡಿತ ಮರಳಿ ಬರಬಲ್ಲ ವ್ಯಕ್ತಿ. ಕೊನೆಯದು ಇಲ್ಲದಿದ್ದರೆ ಮೊದಲಿನ ನಾಲ್ಕು ಇದ್ದರೂ ನಾನು ಕಾಯಿಸುವುದಿಲ್ಲ.

ಕಾಯುವುದೆಂದರೆ ನೋವು ಸಹಿಸುವುದಲ್ಲ. ಮೊದಲ ಒಂದೆರಡು ದಿನದ ನೋವನ್ನು ಆಂಟಿಬಯಾಟಿಕ್ ಅಷ್ಟಾಗಿ ತಗ್ಗಿಸುವುದಿಲ್ಲ, ಆ ಕೆಲಸ ನೋವಿನ ಮಾತ್ರೆಯದು. ಅವರಿಗೆ ಪ್ಯಾರಾಸಿಟಮಾಲ್ 1 ಗ್ರಾಂ ಆರು ಗಂಟೆಗೊಮ್ಮೆ, ದಿನಕ್ಕೆ 4 ಗ್ರಾಂ ಮೀರದಂತೆ ಹೇಳಿದೆ. ಅದೂ ಸಾಲದಿದ್ದರೆ ಐಬುಪ್ರೊಫೆನ್ 400 ಮಿಲಿಗ್ರಾಂ ಊಟದ ನಂತರ, ದಿನಕ್ಕೆ ಮೂರು ಬಾರಿಯವರೆಗೆ. ಯಕೃತ್ತಿನ ತೊಂದರೆ ಇರುವವರಿಗೂ ತೀರಾ ಕಡಿಮೆ ತೂಕದವರಿಗೂ ಪ್ಯಾರಾಸಿಟಮಾಲ್ ಪ್ರಮಾಣ ತಗ್ಗಿಸಬೇಕು. ಮೂತ್ರಪಿಂಡದ ಕಾಯಿಲೆ, ಹೊಟ್ಟೆಹುಣ್ಣು ಇರುವವರಿಗೂ ಗರ್ಭಿಣಿಯರಿಗೂ ಐಬುಪ್ರೊಫೆನ್ ಬರೆಯುವುದಿಲ್ಲ. ನೆಗಡಿ ಒಣಗಿಸುವ ಮಾತ್ರೆಗಳಿಂದ ಮಧ್ಯಕಿವಿಯ ದ್ರವ ಬೇಗ ಇಳಿಯುವುದಿಲ್ಲವಾದ್ದರಿಂದ ಅವನ್ನು ಕೊಡಲಿಲ್ಲ.

ಒಂದು ಚೀಟಿಯಲ್ಲಿ ಕಾಯುವಿಕೆ ಮುರಿಯುವ ಸಂದರ್ಭಗಳನ್ನು ಬರೆದುಕೊಟ್ಟೆ. ಜ್ವರ 39ಕ್ಕೆ ಏರಿದರೆ, ಮಾತ್ರೆ ನುಂಗಿದರೂ ನೋವು ಹೆಚ್ಚುತ್ತಿದ್ದರೆ, ಕಿವಿ ಸೋರಿದರೆ, 48 ಗಂಟೆಯಲ್ಲಿ ಯಾವ ಸುಧಾರಣೆಯೂ ಕಾಣದಿದ್ದರೆ ನನ್ನ ಬಳಿ ಬರಬೇಕು. ಕಿವಿಯ ಹಿಂದೆ ಊತ ಬಂದು ಕಿವಿ ಮುಂದಕ್ಕೆ ತಳ್ಳಿದಂತಾದರೆ, ಮುಖ ಸೊಟ್ಟಗಾದರೆ, ತಲೆ ಸುತ್ತಿ ವಾಂತಿಯಾದರೆ, ಕುತ್ತಿಗೆ ಬಿಗಿದು ವಿಪರೀತ ತಲೆನೋವು ಬಂದರೆ ಯಾವ ಹೊತ್ತಾದರೂ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ನೋವು ಥಟ್ಟನೆ ಮಾಯವಾಗಿ ಕಿವಿಯಿಂದ ಕೀವು ಇಳಿದರೆ ವಾಸಿಯಾಯಿತೆಂದು ಹಲವರು ಸುಮ್ಮನಾಗುತ್ತಾರೆ. ನಿಜಕ್ಕೂ ತಮಟೆ ತೂತಾಗಿ ಒತ್ತಡ ಇಳಿದಿರುತ್ತದೆ, ಆಗ ಔಷಧಿ ಬೇಕು, ಕಿವಿಗೆ ನೀರು ತಾಗಬಾರದು, ಮನೆಯಲ್ಲಿರುವ ಯಾವುದೋ ಹನಿಯನ್ನು ಹಾಕಲೇಬಾರದು.

ಎರಡನೆಯ ದಿನದ ಕೊನೆಗೆ ಅವರು ಬಂದಾಗ ಜ್ವರವಿರಲಿಲ್ಲ, ನೋವು ಬಹುಪಾಲು ಇಳಿದಿತ್ತು. ಉಬ್ಬು ಹೋಗಿ ತಮಟೆಯ ಹಿಂದೆ ಗಾಳಿಗುಳ್ಳೆಗಳು ಕಾಣುತ್ತಿದ್ದವು. ಮಧ್ಯಕಿವಿಯನ್ನು ಮೂಗಿನ ಹಿಂಭಾಗಕ್ಕೆ ಜೋಡಿಸುವ ಯೂಸ್ಟೇಷಿಯನ್ ನಾಳ ತೆರೆದುಕೊಳ್ಳುತ್ತಿದೆ ಎಂಬುದಕ್ಕೆ ಅದು ಗುರುತು. ಆಂಟಿಬಯಾಟಿಕ್ ಬೇಕಾಗಲೇ ಇಲ್ಲ.

ಅರವತ್ತು ದಾಟಿದ, ಸಕ್ಕರೆ ಹತೋಟಿಯಲ್ಲಿಲ್ಲದ ಇನ್ನೊಬ್ಬರ ವಿಷಯದಲ್ಲಿ ನಾನು ಒಂದು ಗಂಟೆಯೂ ಕಾಯಲಿಲ್ಲ. ಅವರ ಜ್ವರ 39 ದಾಟಿತ್ತು, ತಮಟೆ ಪೂರ್ತಿ ಉಬ್ಬಿ ಮೂಳೆಯ ಹಿಡಿ ಮುಚ್ಚಿಹೋಗಿತ್ತು, ಹಿಂದೆ ಹಳದಿ ಕೀವು ಕಾಣುತ್ತಿತ್ತು. ಇಂಥ ಸೋಂಕಿನಲ್ಲಿ ಸಾಮಾನ್ಯವಾಗಿ ಸಿಗುವ ನ್ಯೂಮೋಕಾಕಸ್ ಮತ್ತು ಹೀಮೋಫಿಲಸ್ ಎಂಬ ಬ್ಯಾಕ್ಟೀರಿಯಾಗಳೆರಡಕ್ಕೂ ಹೊಂದುವಂತೆ, ಪೆನಿಸಿಲಿನ್ ಅಲರ್ಜಿ ಇಲ್ಲವೆಂದು ಕೇಳಿಕೊಂಡು, ಅಮಾಕ್ಸಿಸಿಲಿನ್ 875 ಮತ್ತು ಕ್ಲಾವುಲನೇಟ್ 125 ಮಿಲಿಗ್ರಾಂ ಕೂಡಿದ ಮಾತ್ರೆಯನ್ನು ದಿನಕ್ಕೆರಡು ಬಾರಿ ಹತ್ತು ದಿನಕ್ಕೆ ಬರೆದೆ. ಸೌಮ್ಯ ಸೋಂಕಿನಲ್ಲಿ ಐದರಿಂದ ಏಳು ದಿನ ಸಾಕಾಗುತ್ತದೆ. ಎರಡು ಮೂರು ದಿನ ಮಾತ್ರೆ ತೆಗೆದುಕೊಂಡ ಮೇಲೂ ಇಳಿಯದಿದ್ದರೆ ಅದನ್ನೇ ಮುಂದುವರಿಸದೆ ಮತ್ತೆ ಪರೀಕ್ಷಿಸಿ ಔಷಧಿ ಬದಲಿಸಬೇಕು, ಸೋಂಕು ಕಿವಿಯ ಹಿಂದಿನ ಮೂಳೆಗೆ ಹರಡಿದೆಯೇ ಎಂದು ನೋಡಬೇಕು. ಹೀಗೆ ಕೂಡಲೇ ಔಷಧಿ ಕೊಡಬೇಕಾದವರಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿದವರು, ಕಿವಿ ಸೋರುತ್ತಿರುವವರು, ಕೇಳಿಸಲೆಂದು ಒಳಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನ ಹಾಕಿಸಿಕೊಂಡವರು, ಕೇಳುವ ಕಿವಿ ಒಂದೇ ಉಳಿದಿರುವವರು ಸೇರುತ್ತಾರೆ.

ನೋವು ಹೋದ ಮೇಲೂ ಕಿವಿ ಕೆಲವು ವಾರ ಮಂದವಾಗಿರಬಹುದು. ಅದು ಉಳಿದ ದ್ರವದ ಪರಿಣಾಮ, ಅದಕ್ಕಾಗಿ ಮತ್ತೊಂದು ಸುತ್ತು ಆಂಟಿಬಯಾಟಿಕ್ ಬೇಡ. ಆ ಶಿಕ್ಷಕಿಗೆ ಮೂರು ವಾರದಲ್ಲಿ ಕೇಳುವಿಕೆ ಸರಿಹೋಯಿತು. ಆದರೆ ದೊಡ್ಡವರಲ್ಲಿ ಒಂದೇ ಕಿವಿಯ ದ್ರವ ವಾರಗಳು ಕಳೆದರೂ ಇಂಗದಿದ್ದರೆ ನಾನು ಕಿವಿಯನ್ನಷ್ಟೇ ನೋಡಿ ಕಳುಹಿಸುವುದಿಲ್ಲ. ಯೂಸ್ಟೇಷಿಯನ್ ನಾಳದ ಬಾಯಿಯನ್ನು ಗಡ್ಡೆಯೊಂದು ಅದುಮಿದ್ದರೂ ಹೀಗಾಗುವುದರಿಂದ, ಮೂಗಿನ ಹಿಂಭಾಗವನ್ನು ಎಂಡೋಸ್ಕೋಪಿನಲ್ಲಿ ನೋಡಿಯೇ ಮುಂದಿನ ಮಾತು ಹೇಳುತ್ತೇನೆ.